ಸಂಬಳ ತಡವಾಗಿ ಕಂತು ತಪ್ಪಿತು: ದಂಡ ಬಡ್ಡಿ ಬಿಡಿ ಅಂತ ಬ್ಯಾಂಕಿಗೆ ಹೇಗೆ ಬರೆಯೋದು?

ಪ್ರಶ್ನೆ (ಸ್ಟೋರ್ಸ್ ಕೆಲಸ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ, ಮೈಸೂರು): 2022ರಲ್ಲಿ ತೆಗೆದ ಪರ್ಸನಲ್ ಲೋನ್. ಕಂತು 9,800, ಪ್ರತಿ ತಿಂಗಳು 5ಕ್ಕೆ ಕಟ್ ಆಗುತ್ತೆ. ಇದುವರೆಗೂ ಒಂದೂ ತಪ್ಪಿಸಿಲ್ಲ. ಈ ಸಲ 1ಕ್ಕೆ ಬರಬೇಕಿದ್ದ ಆಗಸ್ಟ್ ಸಂಬಳವನ್ನ ಕಂಪನಿ ಹಾಕಿದ್ದು ಸೆಪ್ಟೆಂಬರ್ 20ಕ್ಕೆ, ನಾನು 21ಕ್ಕೆ ಪೂರ್ತಿ 9,800 ಕಟ್ಟಿದೆ. ಆದರೂ ಆ್ಯಪ್‌ನಲ್ಲಿ 1,283 ಓವರ್‌ಡ್ಯೂ ಅಂತ ತೋರಿಸ್ತಿದೆ. ದಂಡ ಬಡ್ಡಿ ಮನ್ನಾ ಮಾಡಿ ಅಂತ ಪತ್ರ ಬರೆಯಬೇಕು. ಹೇಗೆ ಬರೆಯಲಿ ಸಾರ್?

ಮೊಬೈಲ್ ಅಂಗಡಿ, ಸರಸ್ವತಿಪುರಂ: ದಂಡ ಬಡ್ಡಿನ ರಿಸರ್ವ್ ಬ್ಯಾಂಕೇ ತೆಗೆದುಹಾಕಿದೆ ಮೇಡಂ. ಕಟ್ಟಲೇಬೇಡಿ. ಆ ಸರ್ಕ್ಯುಲರ್ ಮುಂದಿಟ್ಟು ಕೇಳಿ, ತಾವಾಗೇ ಬಿಡ್ತಾರೆ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮಂಡ್ಯ: ಅರ್ಧ ಸರಿ, ಅರ್ಧ ತಪ್ಪು. 2023ರ ಆಗಸ್ಟ್ 18ರ ಸರ್ಕ್ಯುಲರ್ ಅದು. ತಡವಾದರೆ ಬಡ್ಡಿ ದರವನ್ನೇ ಏರಿಸಬೇಡಿ, ದಂಡವನ್ನು ಬೇರೆ ಶುಲ್ಕವಾಗಿ ಹಾಕಿ, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕಬೇಡಿ ಅಂತ ಹೇಳಿದೆ. ದಂಡವೇ ಬೇಡ ಅಂದಿಲ್ಲ. ಕಟ್ಟದೆ ಕೂತರೆ ನಷ್ಟ ಇವರಿಗೇ.

ನೋಡಮ್ಮಾ, ಪತ್ರ ಆಮೇಲೆ. ಮೊದಲು ಲೋನ್ ಸ್ಟೇಟ್‌ಮೆಂಟ್ ತೆಗೆದು ಈ ತಿಂಗಳ ಸಾಲುಗಳನ್ನು ಹಾಗೇ ಇಲ್ಲಿ ಹಾಕು. 16 ದಿನಕ್ಕೆ 9,800ರ ಮೇಲೆ 1,283 ದಂಡ ಬರೋದಿಲ್ಲ.

ಪ್ರಶ್ನೆ ಕೇಳಿದವರು: 5ಕ್ಕೆ ಬೌನ್ಸ್ ಚಾರ್ಜ್ 590. 12ಕ್ಕೆ ಮತ್ತೆ 590. 21ಕ್ಕೆ ಪೀನಲ್ ಅಂತ 103. ಅದೇ ದಿನ ನಾನು ಕಟ್ಟಿದ 9,800. ಸಂಬಳದ ಅಕೌಂಟ್ ಬೇರೆ ಬ್ಯಾಂಕಿನಲ್ಲಿದೆ, ಅಲ್ಲೂ 295 ಎರಡು ಸಲ ಹೋಗಿದೆ ಸಾರ್. ಈಗ ನೋಡಿದೆ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮಂಡ್ಯ: ಅಲ್ಲಿದೆ ನೋಡು. ದಂಡ ಬರೀ 103 ರೂಪಾಯಿ. ವರ್ಷಕ್ಕೆ 24ರ ಲೆಕ್ಕದಲ್ಲಿ 16 ದಿನಕ್ಕೆ ಸರಿಯಾಗೇ ಇದೆ. ನಿನ್ನ ಒಪ್ಪಂದದಲ್ಲೂ ಅದೇ ದರ ಇದೆಯಾ ಅಂತ ಒಮ್ಮೆ ನೋಡು. ದುಡ್ಡು ಹೋಗಿರೋದು ಬೌನ್ಸ್‌ನಲ್ಲಿ, ಅಂದ್ರೆ ಅಕೌಂಟಲ್ಲಿ ದುಡ್ಡಿಲ್ಲದೆ ಕಂತು ಕಟ್ ಆಗದಿದ್ದಕ್ಕೆ. 500ಕ್ಕೆ ಜಿಎಸ್‌ಟಿ ಸೇರಿ 590, ಎರಡು ಸಲ. ನೀನು ‘ದಂಡ ಬಡ್ಡಿ ಮನ್ನಾ ಮಾಡಿ’ ಅಂತ ಮಾತ್ರ ಬರೆದರೆ, ಮ್ಯಾನೇಜರ್ ಖುಷಿಯಾಗಿ 103 ವಾಪಸ್ ಹಾಕಿ ಪತ್ರ ಮುಗಿಸ್ತಾರೆ. ನಾನೂ ಹಾಗೆ ಮುಗಿಸಿದ್ದೇನೆ, ಸುಳ್ಳು ಹೇಳಲ್ಲ.

ಇನ್ನೊಂದು ದೊಡ್ಡ ವಿಷಯ. 103 ಮತ್ತು ಎರಡು 590 ಕೂಡಿಸು, 1,283. ಆ್ಯಪ್‌ನ ಓವರ್‌ಡ್ಯೂ ಕೂಡ ಅಷ್ಟೇ. ಇದಕ್ಕೆ ಎರಡು ಅರ್ಥ ಇರಬಹುದು. ಕಂತು ಪೂರ್ತಿ ಜಮಾ ಆಗಿ ಶುಲ್ಕ ಮಾತ್ರ ಬಾಕಿ ಇದ್ದರೆ ತೊಂದರೆ ಕಮ್ಮಿ. ಆದರೆ ಎಷ್ಟೋ ಕಡೆ ಸಿಸ್ಟಂ ಮೊದಲು ಶುಲ್ಕ ಮುರ್ಕೊಳ್ಳುತ್ತೆ. ಆಗ ನಿನ್ನ 9,800ರಲ್ಲಿ ಕಂತಿಗೆ ಹೋಗಿರೋದು 8,517 ಮಾತ್ರ. ಉಳಿದ 1,283 ಕಂತಿನ ಬಾಕಿಯಾಗಿ, ದಿನ ಎಣಿಸ್ತಾ ಕೂತಿರುತ್ತೆ. ನೀನು ಪೂರ್ತಿ ಕಟ್ಟಿದೆ ಅಂದ್ಕೊಂಡಿರ್ತೀಯ, ಕ್ರೆಡಿಟ್ ರಿಪೋರ್ಟ್‌ನಲ್ಲಿ ತಡದ ದಿನ ಬೆಳೀತಾ ಇರುತ್ತೆ. ಆ ರಿಪೋರ್ಟ್‌ಗೆ ಬ್ಯಾಂಕಿನವರು ಈಗ ತಿಂಗಳ ನಡುವೆಯೂ ಕೊನೇ ದಿನಕ್ಕೂ ಲೆಕ್ಕ ಕಳಿಸ್ತಾರೆ. ನಡುವಿನದು ಹೋಗಿ ಆಯ್ತು. ಅದು ನಿಜವಾದ ತಡ, ಅಳಿಸಿ ಅಂತ ಕೇಳಬೇಡ, ಆಗಲ್ಲ. ತಿಂಗಳ ಕೊನೆಯದು ಶುದ್ಧವಾಗಿ ಹೋಗೋ ಹಾಗೆ ನೋಡ್ಕೋ. ಕೈಯಲ್ಲಿ ದುಡ್ಡಿದ್ದರೆ 1,283 ಈಗಲೇ ಕಟ್ಟಿ, ವಾಪಸ್ ಕೇಳು. ಕೊಡದೆ ಕೇಳೋದಕ್ಕಿಂತ ಕೊಟ್ಟು ಕೇಳೋದು ವಾಸಿ.

ಕಾಗದಕ್ಕೆ ಕಂಪನಿಯಿಂದ ಒಂದು ಪತ್ರ ಬೇಕು. ‘ತಡವಾಯಿತು’ ಅಂತ ಬರೆಯೋಕೆ ಎಚ್‌ಆರ್‌ನವರು ಹೆದರ್ತಾರೆ. ‘ಆಗಸ್ಟ್ ಸಂಬಳ ಸೆಪ್ಟೆಂಬರ್ 20ರಂದು ಜಮಾ ಆಗಿದೆ’ ಅಂತ ಒಂದೇ ಸಾಲು ಸಾಕು ಅನ್ನು. ಅದೂ ಕೊಡದಿದ್ದರೆ ಆರು ತಿಂಗಳ ಪಾಸ್‌ಬುಕ್ ನಕಲಿನಲ್ಲಿ ಸಂಬಳದ ಸಾಲುಗಳಿಗೆ ಗೆರೆ ಎಳೆದು ಕೊಡು. ಐದು ಸಲ 1ನೇ ತಾರೀಖು, ಒಂದು ಸಲ 20 ಅಂತ ಕಣ್ಣಿಗೇ ಕಾಣುತ್ತೆ.

ಕಬ್ಬು ಬೆಳೆಗಾರ, ಪಾಂಡವಪುರ: ನಮ್ಮದೂ ಇದೇ ಕಥೆ ಸಾರ್. ಫ್ಯಾಕ್ಟರಿ ಬಿಲ್ಲು ಮೂರು ತಿಂಗಳು ತಡ, ಸೊಸೈಟಿ ಬೆಳೆ ಸಾಲ ಗಡುವು ದಾಟಿತು. ನಾನೂ ಈ ಥರ ಪತ್ರ ಕೊಟ್ಟರೆ ಬಡ್ಡಿ ಬಿಡ್ತಾರಾ?

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮಂಡ್ಯ: ನಿಮ್ಮದು ಬೇರೆ ಲೆಕ್ಕ ಗೌಡ್ರೇ. ಗಡುವು ದಾಟಿದರೆ ದಂಡಕ್ಕಿಂತ ಮೊದಲು ಶೂನ್ಯ ಬಡ್ಡಿ ಸೌಲಭ್ಯವೇ ಕೈ ತಪ್ಪುತ್ತೆ. ಅದು ಸರ್ಕಾರದ ಯೋಜನೆ, ಮ್ಯಾನೇಜರ್ ಕೈಲಿಲ್ಲ. ಬೇರೆ ಪ್ರಶ್ನೆ ಹಾಕಿ, ಅಲ್ಲಿ ಮಾತಾಡೋಣ.

ಪತ್ರ ಹೀಗಿರಲಿ ತಾಯಿ. ಇದಕ್ಕಿಂತ ಉದ್ದ ಬೇಡ, ಕಣ್ಣೀರೂ ಬೇಡ:

> ಶಾಖಾ ವ್ಯವಸ್ಥಾಪಕರಿಗೆ,
>
> ವಿಷಯ: ಸಾಲ ಖಾತೆ ಸಂಖ್ಯೆ ……, ಸೆಪ್ಟೆಂಬರ್ ಕಂತಿನ ದಂಡ ಶುಲ್ಕ ಮತ್ತು ಬೌನ್ಸ್ ಶುಲ್ಕ ಮನ್ನಾ ಕೋರಿ.
>
> ಮಾನ್ಯರೇ,
>
> 5ರಂದು ಕಟ್ಟಬೇಕಿದ್ದ 9,800 ರೂ. ಕಂತನ್ನು 21ರಂದು ಕಟ್ಟಿದ್ದೇನೆ. ನನ್ನ ಆಗಸ್ಟ್ ಸಂಬಳ 20ರಂದು ಜಮಾ ಆಗಿದ್ದೇ ತಡಕ್ಕೆ ಕಾರಣ. ಇದಕ್ಕೂ ಮುಂಚೆ ಯಾವ ಕಂತೂ ತಪ್ಪಿಲ್ಲ.
>
> ದಂಡ ಶುಲ್ಕ 103 ರೂ. ಮತ್ತು 5 ಹಾಗೂ 12ರ ಬೌನ್ಸ್ ಶುಲ್ಕ ತಲಾ 590 ರೂ., ಒಟ್ಟು 1,283 ರೂ. ಮನ್ನಾ ಮಾಡಬೇಕೆಂದು ಕೋರುತ್ತೇನೆ. ಪೂರ್ತಿ ಆಗದಿದ್ದರೆ, ಒಂದೇ ಕಂತಿಗೆ ಎರಡನೇ ಬಾರಿ ಹಾಕಿದ 590 ರೂ. ಆದರೂ ಬಿಡಬೇಕು. ನಾನು ಕಟ್ಟಿದ 9,800 ರೂ. ಅನ್ನು ಮೊದಲು ಕಂತಿಗೇ ಜಮಾ ಮಾಡಿ, ಕಂತಿನ ಬಾಕಿ ಇಲ್ಲ ಎಂದು ಲಿಖಿತವಾಗಿ ತಿಳಿಸಬೇಕು. ಮುಂದೆ ಕಂತಿನ ದಿನಾಂಕವನ್ನು 10ಕ್ಕೆ ಬದಲಿಸಿಕೊಡಿ.
>
> ಲಗತ್ತು: ಕಂಪನಿ ಪತ್ರ, ಪಾಸ್‌ಬುಕ್ ನಕಲು, ಲೋನ್ ಸ್ಟೇಟ್‌ಮೆಂಟ್.

1,283 ಕಟ್ಟಿದ ಮೇಲೆ ಪತ್ರ ಕೊಡೋದಾದರೆ ‘ಮನ್ನಾ’ ಜಾಗದಲ್ಲಿ ‘ವಾಪಸ್’ ಅಂತ ಬರಿ, ಕಟ್ಟಿದ ತಾರೀಖೂ ಹಾಕು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸ್ಕೋ. ಆ 295ಗಳು ಇದರಲ್ಲಿ ಬರಲ್ಲ, ಸಂಬಳದ ಬ್ಯಾಂಕಿಗೆ ಬೇರೆ ಪತ್ರ.

ಮೊಬೈಲ್ ಅಂಗಡಿ, ಸರಸ್ವತಿಪುರಂ: ಬಿಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಿ ಮೇಡಂ, ಅಲ್ವಾ ಸಾರ್?

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮಂಡ್ಯ: ಮನ್ನಾ ಅನ್ನೋದು ಬ್ಯಾಂಕಿನ ಮರ್ಜಿ. ‘ಬಿಡಲಿಲ್ಲ’ ಅನ್ನೋದಷ್ಟೇ ದೂರಾದರೆ ಅಲ್ಲಿ ನಿಲ್ಲಲ್ಲ. ಆದರೆ ಒಪ್ಪಂದದಲ್ಲಿ ಇಲ್ಲದ ದರ ಹಾಕಿದರೆ, ಕಂತಿನ ಬಾಕಿ ಬಿಟ್ಟು ಇಡೀ ಸಾಲದ ಮೇಲೆ ದಂಡ ಹಾಕಿದರೆ, ಅಥವಾ ಮುಂದಿನ ತಿಂಗಳು ಆ 103ರ ಮೇಲೆ ಬಡ್ಡಿ ಬಂದರೆ ಅದು ತಪ್ಪು. ಆಗ ಬ್ಯಾಂಕಿಗೆ ಬರೆದು 30 ದಿನ ಕಾದು, `cms.rbi.org.in` ನಲ್ಲಿ ಹಾಕಬಹುದು. ಸೀಲು ಹಾಕಿದ ಪ್ರತಿ ಬೇಕಾಗೋದು ಆವಾಗಲೇ.

ಪ್ರಶ್ನೆ ಕೇಳಿದವರು: ಇವತ್ತು ಮಧ್ಯಾಹ್ನ ಊಟದ ಬಿಡುವಲ್ಲಿ ಹೋಗಿ ಬಂದೆ ಸಾರ್. ನೀವು ಹೇಳಿದ ಹಾಗೇ ಶುಲ್ಕ ಮೊದಲು ಮುರ್ಕೊಂಡಿದ್ದಾರೆ, ಕಂತಿಗೆ 8,517. 1,283 ಅಲ್ಲೇ ಕಟ್ಟಿಬಿಟ್ಟೆ. 103 ಮತ್ತು ಎರಡನೇ 590 ವಾಪಸ್ ಹಾಕ್ತೀವಿ ಅಂದ್ರು, ಬಾಯಲ್ಲಿ. ಮೊದಲನೇ 590 ರೀಜನಲ್ ಆಫೀಸಿಗೆ ಕೇಳಬೇಕಂತೆ. ದಿನಾಂಕ ಬದಲಾಯಿಸೋಕೆ, ಕಂತು ಅಕೌಂಟಿಂದ ತಾನಾಗೇ ಕಟ್ ಆಗಲಿ ಅಂತ ಒಪ್ಪಿಗೆ ಕೊಡೋ ಹೊಸ ಮ್ಯಾಂಡೇಟ್ ಫಾರಂ ಕೊಟ್ಟಿದ್ದಾರೆ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮಂಡ್ಯ: ಹೊಸ ಮ್ಯಾಂಡೇಟ್ ನೋಂದಣಿ ಆಗೋವರೆಗೆ ಹಳೇದೇ ಓಡುತ್ತೆ. ಬರೋ 5ಕ್ಕೂ ಅಕೌಂಟಲ್ಲಿ 9,800 ಇಟ್ಟಿರಮ್ಮ. ಸೀಲು ಹಾಕಿಸಿದೆಯಾ?

ಪ್ರಶ್ನೆ ಕೇಳಿದವರು: ಹಾಕಿಸಿದೆ ಸಾರ್. ತಾರೀಖು ಹಾಕಿಲ್ಲ. ನಾಳೆ ಮತ್ತೆ ಹೋಗ್ತೀನಿ.