ಬಾಸ್‌ಗೆ ಒಂದೇ ನಂಬರ್ ಬೇಕು, ರೇಂಜ್ ಎಲ್ಲಿ ಹೇಳೋದು?

ಪ್ರಶ್ನೆ: ಮುಂದಿನ ಮೂರು ತಿಂಗಳ ಬೇಡಿಕೆ 12,000 ಪೀಸ್ ಅಂತ ನನ್ನ ಅಂದಾಜು. ರೇಂಜು, ಊಹೆ ಎಲ್ಲ ಸ್ಲೈಡಿಗೆ ಹಾಕಿದರೆ "ಕೊನೆಗೆ ಎಷ್ಟು ಹೇಳಿ" ಅಂತಾರೆ. ಬರೀ ನಂಬರ್ ಕೊಟ್ಟರೆ ಆಮೇಲೆ ಅದೇ ಕುತ್ತಿಗೆಗೆ ಬರುತ್ತದೆ. ಏನು ಮಾಡಲಿ?

ಒಬ್ಬರು: ಸಿಂಪಲ್. ಕನಿಷ್ಠ, ಮಧ್ಯ, ಗರಿಷ್ಠ, ಮೂರೂ ಕೊಟ್ಟುಬಿಡಿ.

ಉತ್ತರ (ಹದಿನೈದು ವರ್ಷದಿಂದ ಇದೇ ಕೆಲಸ): ಮೂರು ಕೊಡೋದು ತಪ್ಪಲ್ಲ, ಆದರೆ ಯಾವುದು ಎಷ್ಟು ಸಲ ಆಗಬಹುದು ಅಂತ ಹೇಳದಿದ್ದರೆ ಮಾರಾಟದವರು ಮೇಲಿನದನ್ನು ಹಿಡೀತಾರೆ, ಖರ್ಚು ನೋಡುವವರು ಕೆಳಗಿನದನ್ನು. ನೀವು 12,000 ಅನ್ನೇ ದೊಡ್ಡದಾಗಿ ಮೊದಲ ಸಾಲಿನಲ್ಲಿ ಹಾಕಿ. ಕೆಳಗೆ ಎರಡೇ ಸಾಲು ಸಾಕು.

ಮೊದಲನೆಯದು ರೇಂಜ್. ಸಾಫ್ಟ್‌ವೇರ್ ಕೊಡುವ ರೇಂಜನ್ನು ಹಾಗೇ ಎತ್ತಿ ಹಾಕಬೇಡಿ, ತನ್ನ ಲೆಕ್ಕ ಸರಿ ಅಂದುಕೊಂಡೇ ಅದು ರೇಂಜ್ ಹಾಕೋದು, ಹಾಗಾಗಿ ಸಾಮಾನ್ಯವಾಗಿ ಕಿರಿದಾಗಿರುತ್ತೆ. ಹಿಂದೆ ಮೂರು ತಿಂಗಳು ಮೊದಲೇ ಕೊಟ್ಟ ನಿಮ್ಮ ಅಂದಾಜುಗಳನ್ನು ತೆಗೆಯಿರಿ. ನಿಜವಾಗಿ ಹೋದದ್ದನ್ನು ಅಂದಾಜಿನಿಂದ ಭಾಗಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಇಪ್ಪತ್ತು ಇದ್ದರೆ ಎರಡೂ ತುದಿಯ ಎರಡೆರಡು ಬಿಡಿ. ಉಳಿದವು 0.88ರಿಂದ 1.15 ಅಂದುಕೊಳ್ಳಿ, ಆಗ 12,000ಕ್ಕೆ ಸುಮಾರು 10,600ರಿಂದ 13,800. "ಹತ್ತರಲ್ಲಿ ಎಂಟು ಸಲ ಇದರೊಳಗೆ ಬಿದ್ದಿದೆ" ಅಂತಲೇ ಬರೆಯಿರಿ. ಮಧ್ಯದ ಭಾಗಲಬ್ಧ 1ರ ಹತ್ತಿರ ಇಲ್ಲದಿದ್ದರೆ ನೀವು ಯಾವಾಗಲೂ ಒಂದೇ ಕಡೆ ವಾಲ್ತಿದ್ದೀರಿ. ಮೊದಲು ಅದನ್ನು ಸರಿಮಾಡಿ.

ಎರಡನೆಯದು ಊಹೆ, ಎಲ್ಲ ಅಲ್ಲ, ನಂಬರನ್ನು ಹೆಚ್ಚು ಅಲುಗಾಡಿಸುವ ಒಂದು. ನಿಮ್ಮಲ್ಲಿ ಅದು ಯಾವುದು?

ಕೇಳಿದವರು: ಒಬ್ಬ ದೊಡ್ಡ ಗ್ರಾಹಕ, 1,500 ಪೀಸ್. ಆರ್ಡರ್ ಇನ್ನೂ ಖಚಿತವಾಗಿಲ್ಲ. ಫಿಫ್ಟಿ ಫಿಫ್ಟಿ ಅಂತ 11,250 ಹಾಕಲಾ?

ಉತ್ತರ: ಬೇಡ! ಅವರು ಬಂದರೆ 12,000, ಬರದಿದ್ದರೆ 10,500. ಸ್ಟಾಕಿಗೆ 11,250 ಎರಡಕ್ಕೂ ಸರಿಹೋಗದ ನಂಬರ್. "ಇದು ಆ ಆರ್ಡರ್ ಬರುತ್ತೆ ಅನ್ನೋ ಲೆಕ್ಕ. ಬರದಿದ್ದರೆ 10,500, ಈ ತಿಂಗಳ ಕೊನೆಗೆ ಗೊತ್ತಾಗುತ್ತೆ" ಅಂತ ಬರೆಯಿರಿ. ಆ ದಿನಾಂಕ ಕಂಡರೆ ಬಾಸ್ ಅರ್ಧ ಸರಕನ್ನು ಈಗ, ಅರ್ಧವನ್ನು ಆಮೇಲೆ ತರಿಸಬಹುದು.

ಇನ್ನೊಬ್ಬರು: ಅಂದಾಜು ಹಾಕುವ ಮಾಡೆಲ್ ಬದಲಿಸಿದರೆ ರೇಂಜೇ ಬೇಕಾಗಲ್ಲ ಅಲ್ವಾ?

ಉತ್ತರ: ಕಿರಿದಾಗಬಹುದು, ಮಾಯವಾಗಲ್ಲ. ಅವರು ಕೇಳಿದ್ದೂ ಅದಲ್ಲ.

ಗೋದಾಮಿನವರು: ನಾನು ಬೈಸಿಕೊಳ್ಳಬಾರದು ಅಂತ ಸುಮ್ನೆ ಹತ್ತು ಪರ್ಸೆಂಟ್ ಜಾಸ್ತಿ ಹೇಳ್ತಿದ್ದೆ. ಬಾಸ್‌ಗೆ ಗೊತ್ತಾಗಿ ಅವರೇ ಹತ್ತು ಕಳೆಯೋಕೆ ಶುರುಮಾಡಿದರು. ಒಂದು ಸಲ ನಿಜವಾದ ಅಂದಾಜನ್ನೇ ಕೊಟ್ಟೆ, ಅದರಲ್ಲೂ ಕಳೆದರು. ಸರಕೇ ಸಾಲಲಿಲ್ಲ.

ಕೇಳಿದವರು: ನನ್ನ ಹತ್ತಿರ ಹಳೆ ಅಂದಾಜು ಆರೇ ಇವೆ.

ಉತ್ತರ: ಹಾಗಾದರೆ "ಹತ್ತರಲ್ಲಿ ಎಂಟು" ಅನ್ನಬೇಡಿ. "ಕಳೆದ ಆರು ಸಲದಲ್ಲಿ ಅತಿ ಕಡಿಮೆ ಇಷ್ಟು, ಅತಿ ಹೆಚ್ಚು ಇಷ್ಟು" ಅನ್ನಿ, ಅಷ್ಟೇ.

ಗೋದಾಮಿನವರು: ಅಷ್ಟೆಲ್ಲ ಬರೆದರೂ 12,000 ಮಾತ್ರ ಓದುವ ಬಾಸ್ ಇದ್ದರೆ?

ಉತ್ತರ: ಇದ್ದಾರೆ ಸರ್. ಅಂಥವರಿಗೆ ನಾನು "ಸರಕು ಕಮ್ಮಿ ಬೀಳೋದು ಕಷ್ಟಾನಾ, ಉಳಿಯೋದಾ?" ಅಂತ ಕೇಳ್ತೀನಿ. ಕೆಲವರು ಆಗ ರೇಂಜಿನ ಸಾಲು ನೋಡ್ತಾರೆ, ಕೆಲವರು ಆಗಲೂ ನೋಡಲ್ಲ.