ಪದಚರ್ಚೆ: ಸಂಗೀತದ 'ಇಂಟರ್ವಲ್'ಗೆ 'ಅಂತರ' ಸರಿಯೇ?

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಬರೆಯುತ್ತಿದ್ದೇನೆ. ಮಗಳು ಕೀಬೋರ್ಡ್ ಕಲಿಯುತ್ತಾಳೆ, ಈ ಸಲ ಗ್ರೇಡ್ 5 ಥಿಯರಿ ಪರೀಕ್ಷೆಗೆ ಕೂಡುತ್ತಾಳೆ. ಅವಳಿಗೂ ಗೆಳತಿಯರಿಗೂ ಕನ್ನಡದಲ್ಲೇ ಒಂದು ಓದಿನ ಹಾಳೆ ಮಾಡುತ್ತಿದ್ದೇನೆ. ಮೊದಲ ಪ್ರಶ್ನೆಯಲ್ಲೇ ಪದ ಕೈಕೊಟ್ಟಿತು.

"ಡಿ ಇಂದ ಎ ವರೆಗಿನ ಅಂತರ ಎಷ್ಟು?" ಎಂದು ಬರೆದಿದ್ದೆ. ಮಗಳು ನಾಲ್ಕು ಅಂದಳು. ಡಿ ಬಿಟ್ಟು ಇ, ಎಫ್, ಜಿ, ಎ ಎಂದು ಎಣಿಸಿದಳು. ಪರೀಕ್ಷೆಯಲ್ಲಿ ಉತ್ತರ ಫಿಫ್ತ್, ಅಂದರೆ ಐದು. ಅವಳ ತಪ್ಪಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಅಂತರ ಎಂದರೆ ನಾವು ಹೊರಟ ಜಾಗವನ್ನು ಎಣಿಸುವುದಿಲ್ಲ, ಅಲ್ವಾ? ಇಲ್ಲಿ ಹೊರಟ ಸ್ವರವೂ ಲೆಕ್ಕಕ್ಕೆ ಬರುತ್ತದೆ. ಅದನ್ನು ತಾನೇ ಹೇಳುವ ಕನ್ನಡ ಪದ ಇದೆಯೇ?

*ಹಾವೇರಿಯಿಂದ ಒಬ್ಬರು:*
ಅಕ್ಕಾ, ಇಂಟರ್ವಲ್‌ಗೆ 'ವಿರಾಮ' ಇದೆಯಲ್ಲ. ನಮ್ಮ ಕಡೆ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಹಾಗೇ ಹಾಕುತ್ತೇವೆ. ಎರಡು ಹಾಡಿನ ನಡುವೆ ಇದ್ದರೂ ಅದೇ ಪದ ಸಾಕು.

*ಗದಗಿನಿಂದ, ಪೇಟಿ ನುಡಿಸುವವರು:*
ಅವರು ಕೇಳಿದ್ದು ಆ ಇಂಟರ್ವಲ್ ಅಲ್ಲರೀ, ಸ್ವರದಿಂದ ಸ್ವರಕ್ಕೆ ಇರುವ ದೂರ. 'ಸ್ವರಾಂತರ' ಅನ್ನಿ, ಪೇಟಿಯ ಮನೆ ಎಣಿಸಿ, ಮುಗಿಯಿತು. ಕಪ್ಪು ನಾಲ್ಕರಿಂದ ಮೇಲಿನ ಬಿಳಿ ನಾಲ್ಕಕ್ಕೆ ಒಂಬತ್ತು ಮನೆ. ನೀವು ಯಾವ ಹೆಸರು ಇಟ್ಟರೂ ಒಂಬತ್ತೇ. ಇನ್ನು ಕೀ ಸಿಗ್ನೇಚರ್‌ಗೆ 'ಥಾಟ್' ಎಂದು ಬರೆಯಿರಿ, ನಮ್ಮ ಮಕ್ಕಳಿಗೆ ಬೇಗ ತಿಳಿಯುತ್ತದೆ.

*ಹುಬ್ಬಳ್ಳಿಯಿಂದ, ಪಿಯಾನೊ ಕಲಿಸುವವರು:*
ಮಾಸ್ತರೇ, ಒಂಬತ್ತು ಸರಿ. ಆದರೆ ಪರೀಕ್ಷೆಯಲ್ಲಿ ಮಕ್ಕಳು ಜಾಸ್ತಿ ಅಂಕ ಕಳೆದುಕೊಳ್ಳುವುದು ಅಲ್ಲೇ. ನಿಮ್ಮ ಕಪ್ಪು ನಾಲ್ಕಕ್ಕೆ ಹಾಳೆಯ ಮೇಲೆ ಎರಡು ಹೆಸರಿವೆ. ಎ ಫ್ಲ್ಯಾಟ್ ಎಂದು ಬರೆದಿದ್ದರೆ ಎ, ಬಿ, ಸಿ, ಡಿ, ಇ, ಎಫ್: ಆರು. ಅದು ಮೇಜರ್ ಸಿಕ್ಸ್ತ್. ಜಿ ಶಾರ್ಪ್ ಎಂದು ಬರೆದಿದ್ದರೆ ಜಿ ಇಂದ ಎಫ್ ತನಕ ಏಳು ಅಕ್ಷರ. ಅದು ಡಿಮಿನಿಶ್ಡ್ ಸೆವೆಂತ್. ಒತ್ತುವ ಮನೆ ಅವೇ ಎರಡು, ಕಿವಿಗೂ ಒಂದೇ, ಉತ್ತರ ಮಾತ್ರ ಬೇರೆ. ಎ ಮೈನರ್ ಹಾರ್ಮೋನಿಕ್ ಸ್ಕೇಲಿನಲ್ಲಿ ಬರುವುದು ಈ ಎರಡನೆಯದು.

ಹಾಗಾಗಿ ಎಣಿಕೆ ಎರಡು ಸಲ ಆಗಬೇಕು. ಮೊದಲು ಅಕ್ಷರ, ಹೊರಟದ್ದನ್ನೂ ಸೇರಿಸಿ. ಆಮೇಲೆ ಅರ್ಧ ಸ್ವರ, ಹೊರಟದ್ದನ್ನು ಬಿಟ್ಟು. ಒಂದೇ 'ಅಂತರ' ಎರಡಕ್ಕೂ ಬಳಸಿದರೆ ಮಕ್ಕಳು ಖಂಡಿತ ಎಡವುತ್ತಾರೆ.

ಸೇರಿಸಿ ಎಣಿಸುವುದು ನಮಗೆ ಹೊಸದೇನಲ್ಲ. ಸೋಮವಾರದಿಂದ ಸೋಮವಾರಕ್ಕೆ ನಾವು 'ಎಂಟು ದಿನ' ಅನ್ನುತ್ತೇವೆ, ಎರಡು ವಾರಕ್ಕೆ 'ಹದಿನೈದು ದಿನ'. ಸಿ ಇಂದ ಮೇಲಿನ ಸಿ ಎಂಟನೆಯದು, ಅದರ ಮೇಲಿನದು ಹದಿನೈದನೆಯದು. ಎಂಟಕ್ಕೆ ಎಂಟು ಕೂಡಿದರೆ ಹದಿನೈದು, ನಡುವಿನ ಸಿ ಎರಡರಲ್ಲೂ ಇದೆಯಲ್ಲ. ಹಿಂದೂಸ್ತಾನಿಯವರು 'ಸಪ್ತಕ' ಅನ್ನುವಾಗ ಮೇಲಿನ ಸಾ ಎಣಿಸುವುದಿಲ್ಲ. ಅದಕ್ಕೆ ಆಕ್ಟೇವ್‌ಗೆ ಈ ಹಾಳೆಯಲ್ಲಿ 'ಸಪ್ತಕ' ಬೇಡ.

'ಥಾಟ್' ಕೂಡ ಬೇಡ ಅನ್ನಿಸುತ್ತದೆ. ಸಿ ಮೇಜರ್, ಜಿ ಮೇಜರ್ ಎರಡೂ ಬಿಲಾವಲ್ ಥಾಟೇ. ಆದರೆ ಸಿ ಗೆ ಗುರುತೇ ಇಲ್ಲ, ಜಿ ಗೆ ಒಂದು ಶಾರ್ಪ್. ಇನ್ನು ಎ ಮೈನರ್ ಸ್ವರಗಳು ಆಸಾವರಿ ಥಾಟ್, ಗುರುತು ನೋಡಿದರೆ ಸಿ ಮೇಜರ್‌ನದೇ.

*ಗದಗಿನವರು ಮತ್ತೆ:*
ಥಾಟ್ ಮಾತು ಹಿಂದಕ್ಕೆ ತೆಗೆದುಕೊಂಡೆ. ಸಾ ಸರಿಸಿದರೂ ನಮ್ಮಲ್ಲಿ ಹೆಸರು ಬದಲಾಗದು, ನಿಜ. ಆದರೆ ಶಾರ್ಪ್‌ಗೆ 'ತೀವ್ರ' ಅನ್ನಬಹುದಲ್ಲ?

*ಧಾರವಾಡದಿಂದ:*
ಅದನ್ನು ನಾನೂ ಹಾಕಿ ತೆಗೆದೆ ಮಾಸ್ತರೇ. ಜಿ ಮೇಜರ್‌ನಲ್ಲಿ ಎಫ್ ಶಾರ್ಪ್ ಏಳನೆಯ ಸ್ವರ, ಅಂದರೆ ಶುದ್ಧ ನಿ. ಅದನ್ನು ತೀವ್ರ ಎಂದರೆ ಹಾಡು ಕಲಿತ ಹುಡುಗಿ ಸೀದಾ ಮಧ್ಯಮಕ್ಕೆ ಹೋಗುತ್ತಾಳೆ. ಶಾರ್ಪ್, ಫ್ಲ್ಯಾಟ್ ಹಾಗೇ ಇರಲಿ.

ಹುಬ್ಬಳ್ಳಿಯ ಮೇಡಂ ಹೇಳಿದಂತೆ ಪ್ರಶ್ನೆ ತಿದ್ದಿದ್ದೇನೆ. "ಎಷ್ಟು" ಹೋಯಿತು, "ಎಷ್ಟನೆಯದು" ಬಂತು:

ಡಿ ಇಂದ ಎಣಿಸಿದರೆ ಎ ಎಷ್ಟನೆಯದು? ನಡುವೆ ಅರ್ಧ ಸ್ವರದ ಹೆಜ್ಜೆ ಎಷ್ಟು? (ಐದನೆಯದು, ಏಳು ಹೆಜ್ಜೆ: ಪರ್ಫೆಕ್ಟ್ ಫಿಫ್ತ್.)

ಎರಡು ಶಾರ್ಪ್ ಇರುವ ಮೇಜರ್ ಸ್ಕೇಲ್ ಯಾವುದು? ಕೊನೆಯ ಶಾರ್ಪ್ ಸಿ, ಅದರ ಮೇಲಿನ ಅರ್ಧ ಸ್ವರ ಯಾವುದು? (ಡಿ.)

ಮಗಳು ಇವತ್ತು ಬೆಳಿಗ್ಗೆ ಎರಡನ್ನೂ ಕೇಳದೆಯೇ ಬರೆದಳು. 'ಎಷ್ಟನೆಯದು' ಪ್ರಶ್ನೆಗೆ ಸರಿ ಹೋಯಿತು. ಹಾಳೆಯ ತಲೆಬರಹಕ್ಕೆ ಮಾತ್ರ ಇನ್ನೂ 'ಇಂಟರ್ವಲ್' ಎಂದೇ ಇದೆ. ಸೇರಿಸಿ ಎಣಿಸುವ ಅರ್ಥ ಒಳಗೇ ಇರುವ ಒಂದು ಪದ ಯಾರಿಗಾದರೂ ಹೊಳೆದರೆ ತಿಳಿಸಿ.