ಸಹಾಯ ಬೇಕು: ಮಿರಿಸ್ಸಾದಲ್ಲಿ ಕಂಡಿದ್ದು ನೀಲಿ ತಿಮಿಂಗಿಲವಾ, ಬ್ರೈಡ್ಸ್ ತಿಮಿಂಗಿಲವಾ?

ಶ್ರೀಲಂಕಾದ ಮಿರಿಸ್ಸಾದಲ್ಲಿ ದೋಣಿಯಿಂದ ಸಾಲಾಗಿ ತೆಗೆದ ಫೋಟೋಗಳಿವು. ದೋಣಿಯವರು ನೀಲಿ ತಿಮಿಂಗಿಲ ಎಂದರು, ನನಗೆ ಅನುಮಾನ.

ಉಸಿರಿನ ಚಿಲುಮೆ ನೆಟ್ಟಗಿದೆ. ಹಾಗಾಗಿ ಎಡಕ್ಕೆ ಓರೆಯಾಗಿ ಊದುವ ಸ್ಪರ್ಮ್ ತಿಮಿಂಗಿಲ ಅಲ್ಲ. ಆದರೆ ಗಾಳಿ ಜಾಸ್ತಿ ಇತ್ತು, ಚಿಲುಮೆಯ ಎತ್ತರವನ್ನು ನಂಬುವ ಹಾಗಿಲ್ಲ. ಬೆನ್ನಿನ ರೆಕ್ಕೆ ನೋಡಿ: ಕುಡುಗೋಲಿನಂತೆ ಬಾಗಿದೆ, ಚಿಲುಮೆ ಕರಗುವ ಮೊದಲೇ ಮೇಲೆ ಬಂದಿದೆ. ನೀಲಿಯದಾದರೆ ಉದ್ದನೆಯ ಬೆನ್ನು ಉರುಳಿ ಮುಗಿಯುವ ಹೊತ್ತಿಗೆ ಅಲ್ವಾ ಆ ಚಿಕ್ಕ ರೆಕ್ಕೆ ಕಾಣುವುದು? ಮುಳುಗುವಾಗ ಬೆನ್ನು ಕಮಾನಾಯಿತು, ಬಾಲ ಮೇಲೆ ಬರಲಿಲ್ಲ. (ಎಲ್ಲ ನೀಲಿ ತಿಮಿಂಗಿಲಗಳೂ ಬಾಲ ಎತ್ತುವುದಿಲ್ಲ, ಸರಿ.)

ಕೊನೆಯ ಫೋಟೋದಲ್ಲಿ ತಲೆಯ ಮೇಲೆ ಮೂರು ಉದ್ದ ಏಣುಗಳಿರುವಂತಿದೆ. ಅದು ನಿಜವಾದರೆ ಬ್ರೈಡ್ಸ್ ತಿಮಿಂಗಿಲವೇ. ಏಣೋ, ಸುಮ್ನೆ ನೀರಿನ ಹೊಳಪೋ? ದೊಡ್ಡದು ಮಾಡಿ ನೋಡಿ ಹೇಳ್ತೀರಾ?